ಬಿಡಿಬಿಡಿ ಚಿತ್ರಗಳ ಕವಿತೆಯನ್ನು ಓದುವುದು ಹೇಗೆ: ಒಂದು ಪದ್ಯ, ಹದಿಮೂರು ತುಣುಕು, ಹನ್ನೆರಡು ಸಂದು

‘ಮಾತು ಬೆಳ್ಳಿ, ಮೌನ ಬಂಗಾರ’ ಅನ್ನುವ ಗಾದೆಯಲ್ಲಿ ಕ್ರಿಯಾಪದ ಇಲ್ಲ, ‘ಆದರೆ’ ಇಲ್ಲ, ‘ಅದಕ್ಕಿಂತ’ ಇಲ್ಲ. ಎರಡು ತುಣುಕುಗಳನ್ನು ಪಕ್ಕಪಕ್ಕ ಇಟ್ಟು ಗಾದೆ ಕೈ ತೊಳೆದುಕೊಂಡಿದೆ. ನಡುವಿನ ‘ಆದರೆ’ಯನ್ನು ಕೇಳುವವರು ತಾವೇ ಹಾಕಿಕೊಳ್ಳುತ್ತಾರೆ, ಹಾಕಿಕೊಂಡದ್ದು ಅವರಿಗೆ ಗೊತ್ತೂ ಆಗುವುದಿಲ್ಲ. ಕೂಡಿಸುವ ಪದಗಳಿಲ್ಲದ ಆಧುನಿಕ ಕವಿತೆ ಮಾಡುವುದೂ ಇದನ್ನೇ. ಗಾದೆಯಲ್ಲಿ ಒಂದು ಸಂದು ಇದ್ದರೆ ಇಂಥ ಕವಿತೆಯಲ್ಲಿ ಹತ್ತು ಹನ್ನೆರಡು ಇರುತ್ತವೆ, ಮತ್ತು ಎಲ್ಲ ಸಂದುಗಳಿಗೂ ಒಂದೇ ಬೆಸುಗೆ ಹೊಂದುವುದಿಲ್ಲ. ‘ಅರ್ಥವಾಗಲಿಲ್ಲ’ ಎಂದು ಪುಸ್ತಕ ಮುಚ್ಚುವವರು ಹೆಚ್ಚಾಗಿ ಎಡವುವುದು ಇಲ್ಲೇ. ಅವರು ಚಿತ್ರಗಳ ಅರ್ಥ ಹುಡುಕುತ್ತಿರುತ್ತಾರೆ, ಕೆಲಸ ಬಾಕಿ ಇರುವುದು ಸಂದುಗಳಲ್ಲಿ.

ಕೊಡಗಿನ ಓದುಗರಿಗೆ ಗುರುತಿರುವ ವಸ್ತುಗಳನ್ನೇ ಇಟ್ಟು ಈ ಮಾರ್ಗದರ್ಶಿಗೆಂದು ಒಂದು ಪದ್ಯ ಕಟ್ಟಿದ್ದೇವೆ. ಇದಕ್ಕೆ ಹೆಸರಾಂತ ಕವಿಯ ಭಾರವಿಲ್ಲ, ವಿಮರ್ಶಕರ ಟಿಪ್ಪಣಿಗಳೂ ಇಲ್ಲ. ಹಾಗಾಗಿ ಓದುವ ವಿಧಾನ ಮಾತ್ರ ಕಣ್ಣಿಗೆ ಬೀಳುತ್ತದೆ.

ಕಣದಲ್ಲಿ ಚೆರ್ರಿ. ಮೋಡ.
ಮಡಚಿದ ಟಾರ್ಪಾಲು.

ಎರಡು ಗುಂಡು.
ಪಾರಿವಾಳ, ಸಿಲ್ವರ್ ಓಕಿನಿಂದ ಸಿಲ್ವರ್ ಓಕಿಗೆ.

ಬೆಂಗಳೂರಿನಿಂದ ಹೊರಟ
ಕಾರು, ಕುಶಾಲನಗರದ ಸೇತುವೆ, ನೀರು.

ನಡುಬಾಡೆಯಲ್ಲಿ ದೀಪ
ಮೊಬೈಲು ಚಾರ್ಜಿಗೆ.
ಮಂಚದಡಿ ಒಂದೇ ಗಂಬೂಟು.

ಮಳೆ.
ಕಣದಲ್ಲಿ ಯಾರೂ
ಓಡುವುದಿಲ್ಲ.

ಬೇಕಾಗುವುದು

ಪದ್ಯವನ್ನು ಕೈಯಲ್ಲೇ ಎರಡು ಪ್ರತಿ ಬರೆದುಕೊಳ್ಳಿ, ಸಾಲುಗಳ ನಡುವೆ ಎರಡು ಬೆರಳು ಜಾಗ ಬಿಡಿ. ಒಂದು ಪ್ರತಿ ಗೀಚಲಿಕ್ಕೆ, ಇನ್ನೊಂದು ಹಾಗೇ ಇರಲಿಕ್ಕೆ. ಪೆನ್ ಬೇಡ, ಪೆನ್ಸಿಲ್ ಇರಲಿ, ಏಕೆಂದರೆ ಬರೆದದ್ದರಲ್ಲಿ ಮುಕ್ಕಾಲು ಪಾಲನ್ನು ಅಳಿಸಬೇಕಾಗುತ್ತದೆ. ಹದಿನೈದು ಸಾಲಿನೊಳಗಿನ ಪದ್ಯಕ್ಕೆ ಅರ್ಧ ಗಂಟೆಯ ಎರಡು ಕೂರುವಿಕೆ ಸಾಕು, ನಡುವೆ ಒಂದು ರಾತ್ರಿ ಹೋಗಲಿ. ಸಂದುಗಳಿಗೆ ಮೊದಲ ದಿನ ಹಾಕಿದ ಬೆಸುಗೆಗಳಲ್ಲಿ ಯಾವುದು ಅವಸರದ್ದು ಎಂದು ಮರುದಿನವೇ ತಿಳಿಯುವುದು.

ಮೊದಲು ಕಿವಿಯಿಂದ

ಅರ್ಥದ ಗೊಡವೆ ಬಿಟ್ಟು ಮೂರು ಸಲ ಗಟ್ಟಿಯಾಗಿ ಓದಿ. ಪೂರ್ಣವಿರಾಮಕ್ಕೆ ಒಂದು ಉಸಿರು, ಖಾಲಿ ಸಾಲಿಗೆ ಎರಡು ಉಸಿರು, ಸಾಲು ಮುರಿದಲ್ಲಿ ಅರ್ಧ ಉಸಿರು ನಿಲ್ಲಿ. ಸುದ್ದಿ ಓದುವ ಧಾಟಿಯಲ್ಲಿ ಓಡಿಸಿದರೆ ಸಂದುಗಳು ಮುಚ್ಚಿಹೋಗುತ್ತವೆ. ಇಂಥ ಪದ್ಯದಲ್ಲಿ ವಿರಾಮಚಿಹ್ನೆ ಅಲಂಕಾರಕ್ಕೆ ಬಂದದ್ದಲ್ಲ. ಬಿಟ್ಟುಹೋದ ಕೂಡುಪದದ ಜಾಗದಲ್ಲಿ ಅದು ಕೂತಿರುತ್ತದೆ. ಅಮೆರಿಕದ ಕವಿ ಎಜ್ರಾ ಪೌಂಡ್ 1913ರಲ್ಲಿ ಪ್ರಕಟಿಸಿದ ಪ್ಯಾರಿಸ್ ಮೆಟ್ರೋ ನಿಲ್ದಾಣದ ಎರಡು ಸಾಲಿನ ಪದ್ಯ ಈ ಬಗೆಗೆ ಎಲ್ಲರೂ ಕೊಡುವ ಉದಾಹರಣೆ. ಮೊದಲ ಸಾಲಿನಲ್ಲಿ ಜನಜಂಗುಳಿಯ ಮುಖಗಳು, ಎರಡನೆಯದರಲ್ಲಿ ಒದ್ದೆ ಕೊಂಬೆಯ ಮೇಲಿನ ಹೂಪಕಳೆಗಳು, ಕ್ರಿಯಾಪದ ಒಂದೂ ಇಲ್ಲ. ಆ ಎರಡು ಸಾಲಿನ ನಡುವೆ ಮೊದಲು ವಿವರಣ ಚಿಹ್ನೆ (:) ಇತ್ತು, ಆಮೇಲಿನ ಮುದ್ರಣಗಳಲ್ಲಿ ಅದು ಅರ್ಧವಿರಾಮ (;) ಆಯಿತು. ‘ಇದು ಅದೇ’ ಎಂದು ಬೆರಳು ತೋರಿಸುವಂತಿದ್ದ ಸಂದು, ‘ಇದು, ಮತ್ತು ಇದರ ಪಕ್ಕ ಅದು’ ಎನ್ನುವಷ್ಟು ಸಡಿಲವಾಯಿತು. ಪೌಂಡನೇ ಹೇಳಿಕೊಂಡಂತೆ ಆ ಪದ್ಯದ ಮೊದಲ ರೂಪ ಮೂವತ್ತು ಸಾಲಿನದು. ವಿವರಿಸುವ ಸಾಲುಗಳೆಲ್ಲ ಹೋಗಿ ಉಳಿದದ್ದು ಈ ಎರಡು ಚಿತ್ರ, ಒಂದು ಚಿಹ್ನೆ.

ನಮ್ಮ ಪದ್ಯಕ್ಕೆ ಬಂದರೆ, ಮೂರನೇ ಓದಿಗೆ ಕಿವಿ ಒಂದು ವಿಷಯ ಹಿಡಿಯಬೇಕು. ತುಣುಕು ತುಣುಕಿನ ನಡುವೆ ಎಲ್ಲ ಕಡೆ ಪೂರ್ಣವಿರಾಮವೋ ಅಲ್ಪವಿರಾಮವೋ ಇದೆ, ಒಂದು ಕಡೆ ಬಿಟ್ಟು. ‘ನಡುಬಾಡೆಯಲ್ಲಿ ದೀಪ’ ಆದ ಮೇಲೆ ಏನೂ ಇಲ್ಲ, ನೇರವಾಗಿ ‘ಮೊಬೈಲು ಚಾರ್ಜಿಗೆ’. ಅಲ್ಲೊಂದು ಗುರುತು ಹಾಕಿ ಮುಂದೆ ಹೋಗಿ.

ತುಣುಕು ಎಣಿಸುವುದು

ಒಂದೇ ನೋಟಕ್ಕೆ ಅಥವಾ ಒಂದೇ ಸದ್ದಿಗೆ ಸಿಗುವಷ್ಟನ್ನು ಒಂದು ತುಣುಕು ಎಂದು ಹಿಡಿಯಿರಿ. ಸಾಲು ಬೇರೆ, ತುಣುಕು ಬೇರೆ. ಮೊದಲ ಸಾಲಿನಲ್ಲೇ ಎರಡಿವೆ: ನೆಲದ ಚೆರ್ರಿ, ಆಕಾಶದ ಮೋಡ. ಹೀಗೆ ಎಣಿಸಿದರೆ: 1 ಚೆರ್ರಿ, 2 ಮೋಡ, 3 ಟಾರ್ಪಾಲು, 4 ಗುಂಡು, 5 ಪಾರಿವಾಳ, 6 ಕಾರು, 7 ಸೇತುವೆ, 8 ನೀರು, 9 ದೀಪ, 10 ಮೊಬೈಲು, 11 ಗಂಬೂಟು, 12 ಮಳೆ, 13 ಯಾರೂ ಓಡದ ಕಣ. ತುಣುಕು ಹದಿಮೂರಾದರೆ ಸಂದು ಹನ್ನೆರಡು. ಸೇತುವೆ ಮತ್ತು ನೀರನ್ನು ಒಂದೇ ಎಂದು ಎಣಿಸಿದರೂ ತಪ್ಪಿಲ್ಲ, ಆದರೆ ಎಣಿಸಿದ ಮೇಲೆ ಕೊನೆಯವರೆಗೂ ಅದೇ ಲೆಕ್ಕ ಇಟ್ಟುಕೊಳ್ಳಿ.

ಕನ್ನಡದ ವ್ಯಾಕರಣ ಏನು ಮುಚ್ಚಿಟ್ಟಿದೆ

ಇಂಗ್ಲಿಷ್ ಕವಿತೆಗಳ ಬಗ್ಗೆ ಬರೆದ ವಿವರಣೆಗಳನ್ನು ಕನ್ನಡಕ್ಕೆ ಹಾಗೇ ಹಚ್ಚುವವರು ಇಲ್ಲಿ ದಾರಿ ತಪ್ಪುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನ ಮಾಡೋಣ.

‘ಕ್ರಿಯಾಪದ ಇಲ್ಲ, ಆದ್ದರಿಂದ ವಾಕ್ಯ ಮುರಿದಿದೆ’ ಅನ್ನುವ ಮಾತು ಇಂಗ್ಲಿಷಿಗೆ ಸರಿ, ಕನ್ನಡಕ್ಕೆ ಅಲ್ಲ. ‘ಅವರು ಮೇಷ್ಟ್ರು’, ‘ಇದು ನಮ್ಮ ತೋಟ’ ಎಂದು ನಾವು ದಿನವೂ ಕ್ರಿಯಾಪದವಿಲ್ಲದೆ ಪೂರ್ತಿ ವಾಕ್ಯ ಆಡುತ್ತೇವೆ. ಹಾಗಾಗಿ ‘ಮಡಚಿದ ಟಾರ್ಪಾಲು’ ಎಂಬಲ್ಲಿ ಕ್ರಿಯಾಪದ ಕಾಣಲಿಲ್ಲ ಎಂದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಕನ್ನಡದಲ್ಲಿ ಘಟನೆಗಳನ್ನು ಪೋಣಿಸುವ ದಾರ ಬೇರೆ: ‘ನೋಡಿ’, ‘ಬಂದು’, ‘ಕೇಳಿ’ ಎಂಬ ಅಪೂರ್ಣ ಕ್ರಿಯೆಗಳು. ಮನೆಯಲ್ಲಿ ಇದೇ ಸಂಗತಿಯನ್ನು ಹೇಳುವಾಗ ‘ಗುಂಡಿನ ಸದ್ದು ಕೇಳಿ ಪಾರಿವಾಳ ಹೆದರಿ ಹಾರಿಹೋಯಿತು’ ಎಂದು ಒಂದೇ ಉಸಿರಿಗೆ ಮೂರು ಕ್ರಿಯೆ ಪೋಣಿಸುತ್ತೇವೆ. ಪದ್ಯದಿಂದ ತೆಗೆದುಹಾಕಿರುವುದು ಈ ‘ಕೇಳಿ’, ‘ಹೆದರಿ’ಗಳನ್ನು. ಪೆನ್ಸಿಲ್ ಹಿಡಿದು ಹುಡುಕಬೇಕಾದದ್ದು ಇವನ್ನೇ: ಅಪೂರ್ಣ ಕ್ರಿಯೆ, ಎರಡು ನಾಮಪದ ಕೂಡಿಸುವ ‘ಊ’, ಮತ್ತೆ ‘ಆದರೆ’, ‘ಆದ್ದರಿಂದ’, ‘ಹಾಗೆ’. ಇಡೀ ಪದ್ಯದಲ್ಲಿ ಇವು ಒಂದೂ ಇಲ್ಲ. ‘ಯಾರೂ’ ಎಂಬಲ್ಲಿ ‘ಊ’ ಇದೆಯಲ್ಲ ಎಂದರೆ, ಅದು ಕೂಡಿಸುವ ‘ಊ’ ಅಲ್ಲ. ಅದರ ವಿಷಯ ಕೊನೆಗೆ ಬರುತ್ತದೆ.

ಹಾಗಾದರೆ ಚಲನೆ ಎಲ್ಲಿಂದ ಬಂತು? ವಿಭಕ್ತಿಯಿಂದ. ‘ಸಿಲ್ವರ್ ಓಕಿನಿಂದ ಸಿಲ್ವರ್ ಓಕಿಗೆ’ ಎಂದರೆ ಸಾಕು, ‘ಹಾರಿತು’ ಬೇಡ. ‘ಇಂದ’ ಮತ್ತು ‘ಗೆ’ ಸೇರಿ ಹಾರಿಸಿಬಿಡುತ್ತವೆ. ‘ಚಾರ್ಜಿಗೆ’ ಎಂಬ ಒಂದು ‘ಗೆ’ಯಲ್ಲಿ ಯಾರೋ ಮೊಬೈಲು ಸಿಕ್ಕಿಸಿದ ಕೈ ಅಡಗಿದೆ. ವಿಭಕ್ತಿ ಪ್ರತ್ಯಯಗಳಿಗೆಲ್ಲ ಸುತ್ತು ಹಾಕಿ. ಇಂಥ ಕನ್ನಡ ಪದ್ಯದಲ್ಲಿ ಕ್ರಿಯಾಪದದ ಕೂಲಿ ಕೆಲಸ ಮಾಡುವುದು ಅವೇ.

ಇನ್ನೊಂದು ಕನ್ನಡದ್ದೇ ಆದ ಚಮತ್ಕಾರ ‘ಹೊರಟ’ದಲ್ಲಿದೆ. ‘ಬೆಂಗಳೂರಿನಿಂದ ಹೊರಟ’ ಎಂದು ಸಾಲು ಮುರಿದಾಗ ಅದು ಪೂರ್ಣ ವಾಕ್ಯ: ಒಬ್ಬ ಗಂಡಸು ಹೊರಟ. ಮುಂದಿನ ಸಾಲಿನ ‘ಕಾರು’ ಬಂದೊಡನೆ ಅದೇ ಪದ ವಿಶೇಷಣವಾಗಿ, ಹೊರಟದ್ದು ಕಾರು ಎಂದಾಗುತ್ತದೆ. ಅರ್ಧ ಉಸಿರಿನ ಹೊತ್ತು ಒಬ್ಬ ಮನುಷ್ಯ ಕಾಣಿಸಿ ಕಾರಿನೊಳಗೆ ಮರೆಯಾದ. ‘ಬಂದ’, ‘ಹೋದ’, ‘ಸತ್ತ’, ‘ಬಿಟ್ಟ’ – ಈ ರೂಪಗಳೆಲ್ಲ ಹೀಗೆ ಎರಡು ಕಡೆ ಮುಖ ಮಾಡಿ ನಿಲ್ಲಬಲ್ಲವು. ಸಾಲಿನ ಕೊನೆಯಲ್ಲಿ ಇಂಥ ಪದ ಸಿಕ್ಕಿದರೆ ಎರಡು ಓದನ್ನೂ ಬರೆದಿಟ್ಟುಕೊಳ್ಳಿ, ಯಾವುದನ್ನೂ ಹೊಡೆದುಹಾಕಬೇಡಿ. ‘ಹೊರಟಳು’ ಎಂದಿದ್ದರೆ ಈ ಆಟ ನಡೆಯುತ್ತಿರಲಿಲ್ಲ. ಅಂದರೆ ಮೊದಲ ಓದಿನಲ್ಲಿ ಮಿಂಚಿ ಹೋದವನು ಗಂಡಸೇ.

ವಸ್ತುವನ್ನು ಮೊದಲು ವಸ್ತುವಾಗಿ ತಿಳಿಯಿರಿ

ಸಂಕೇತಕ್ಕೆ ಕೈ ಹಾಕುವ ಮೊದಲು ಪ್ರತಿ ತುಣುಕಿನ ಎದುರು ಒಂದು ಲೌಕಿಕ ವಾಕ್ಯ ಬರೆಯಿರಿ: ಈ ವಸ್ತು ಆ ಊರಿನಲ್ಲಿ ಏನು ಕೆಲಸ ಮಾಡುತ್ತದೆ, ಯಾವಾಗ, ಯಾರ ಕೈಯಲ್ಲಿ. ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ. ನಿಘಂಟಿಗಿಂತ ತೋಟದ ರೈಟರು ಅಥವಾ ಮನೆಯ ಹಿರಿಯರು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಕಣದಲ್ಲಿ ಚೆರ್ರಿ ಇದೆ ಎಂದರೆ ಕಾಫಿ ಕೊಯ್ಲಿನ ಕಾಲ. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಹರಡಿ ಎರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ದಿನ ಬಿಸಿಲಿಗೆ ಒಣಗಿಸುತ್ತಾರೆ. ಅರ್ಧ ಒಣಗಿದ ಚೆರ್ರಿ ನೆನೆದರೆ ಬೂಸಲು ಬರುತ್ತದೆ, ಬೆಲೆ ಬೀಳುತ್ತದೆ. ಹಾಗಾಗಿ ಮೋಡ ಕಂಡ ಕೂಡಲೇ ಮನೆಮಂದಿ, ಆಳುಗಳು ಎನ್ನದೆ ಎಲ್ಲರೂ ಓಡಿ ರಾಶಿ ಮಾಡಿ ಟಾರ್ಪಾಲು ಮುಚ್ಚುವುದು ತೋಟದ ಮನೆಯ ರೂಢಿ. ಇಷ್ಟು ಗೊತ್ತಿದ್ದವರಿಗೆ ಮೊದಲ ಮೂರು ತುಣುಕು ಸುಂದರ ದೃಶ್ಯವಾಗಿ ಕಾಣುವುದಿಲ್ಲ. ಚೆರ್ರಿ ಹರಡಿದೆ, ಮೋಡ ಕವಿದಿದೆ, ಟಾರ್ಪಾಲು ಇನ್ನೂ ಮಡಚಿಯೇ ಇದೆ. ಎದೆ ಧಸಕ್ಕೆನ್ನಬೇಕು.

ಎರಡು ಗುಂಡು. ಹೊರಗಿನವರು ಇದನ್ನು ಬೇಟೆ ಎಂದು ಓದುತ್ತಾರೆ, ಮುಂದೆ ಪಾರಿವಾಳವೂ ಇರುವುದರಿಂದ ಆ ಓದು ಗಟ್ಟಿಯಾದಂತೆಯೂ ಅನ್ನಿಸುತ್ತದೆ. ಆದರೆ ಕೊಡವರ ಪದ್ಧತಿಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೆ ಒಂದರಂತೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಹಾರಿಸುವುದೂ ಇದೆ, ಆದರೆ ಅಲ್ಲಿ ಕಣದ ಚೆರ್ರಿಯ ಬದಲು ಗದ್ದೆಯ ಬತ್ತ ಇರಬೇಕಿತ್ತು. ಇಲ್ಲಿ ಸಂಖ್ಯೆಯೇ ಸುದ್ದಿ. ಇಂಥ ಪದ್ಯದಲ್ಲಿ ಸಂಖ್ಯೆ ಕಂಡರೆ ಅದರ ಮೇಲೆ ನಿಂತುಬಿಡಿ. ‘ಎರಡು’, ‘ಒಂದೇ’ ಎಂಬ ಎರಡೇ ಎಣಿಕೆಗಳು ಈ ಪದ್ಯದಲ್ಲಿರುವುದು, ಎರಡೂ ಸುಮ್ಮನೆ ಬಂದದ್ದಲ್ಲ.

ಕುಶಾಲನಗರದ ಸೇತುವೆ ಮೈಸೂರು ಕಡೆಯಿಂದ ಬರುವವರಿಗೆ ಕೊಡಗಿನ ಬಾಗಿಲು, ಕೆಳಗಿನ ನೀರು ಕಾವೇರಿ. ಕಾರು ಇನ್ನೂ ಮನೆ ಮುಟ್ಟಿಲ್ಲ. ನಡುಬಾಡೆ ಎಂದರೆ ಐನ್‌ಮನೆಯ, ಅಂದರೆ ಕೊಡವ ಮನೆತನದ ಮೂಲಮನೆಯ, ನಡುವಿನ ದೊಡ್ಡ ಕೋಣೆ, ಹಿರಿಯರ ಹೆಸರಿನ ದೀಪ ಉರಿಯುವ ಜಾಗ. ಇಲ್ಲೊಂದು ಎಚ್ಚರಿಕೆ: ಅಲ್ಲಿ ದೀಪ ದಿನವೂ ಹಚ್ಚುವುದರಿಂದ ದೀಪ ಒಂದರಿಂದಲೇ ಸಾವು ಎಂದು ತೀರ್ಮಾನಿಸುವಂತಿಲ್ಲ. ಗುಂಡಿನಿಂದ ಬಂದ ಸುದ್ದಿ ದೀಪಕ್ಕೆ ಬೇರೆ ಬಣ್ಣ ಕೊಡುತ್ತದೆ, ಅಷ್ಟೇ. ಗಂಬೂಟಿಗೆ ವಿವರಣೆ ಬೇಡ, ತೋಟದಲ್ಲಿ ಓಡಾಡುವವರ ಕಾಲಿನದು.

ಐದು ಬೆಸುಗೆಗಳ ಪರೀಕ್ಷೆ

ಮುಖ್ಯ ಕೆಲಸ ಇದು. ಪ್ರತಿ ಸಂದಿಗೂ ಐದು ಪದಗಳನ್ನು ಒಂದೊಂದಾಗಿ ಹಾಕಿ ನೋಡಿ: ಆಮೇಲೆ, ಆದ್ದರಿಂದ, ಆದರೆ, ಹಾಗೆ, ಅದೇ ಹೊತ್ತಿಗೆ. ಹೊಂದುವುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಎರಡು ಹೊಂದಿದರೆ ಎರಡನ್ನೂ ಬರೆಯಿರಿ. ಯಾವುದೂ ಹೊಂದದಿದ್ದರೆ ಸೊನ್ನೆ ಹಾಕಿ. ಆ ಸೊನ್ನೆಗಳು ನಿಮ್ಮ ಸೋಲಿನ ಲೆಕ್ಕವಲ್ಲ, ಪದ್ಯ ಗಟ್ಟಿಯಾಗಿ ಹಿಡಿದಿಟ್ಟ ಜಾಗಗಳ ಗುರುತು.

ಹನ್ನೆರಡನ್ನೂ ಇಲ್ಲಿ ಬಿಡಿಸುವುದಿಲ್ಲ, ನಾಲ್ಕು ಸಾಕು.

ಮೋಡ ಮತ್ತು ಟಾರ್ಪಾಲಿನ ನಡುವೆ ‘ಆದರೆ’ ಕೂಡಲೇ ಕೂರುತ್ತದೆ: ಮೋಡ ಬಂತು, ಆದರೆ ಟಾರ್ಪಾಲು ಮಡಚಿಯೇ ಇದೆ. ಕಣದ ರೂಢಿ ಗೊತ್ತಿಲ್ಲದವರಿಗೆ ಇಲ್ಲಿ ‘ಆದರೆ’ ಹೊಳೆಯುವುದೇ ಇಲ್ಲ, ‘ಅದೇ ಹೊತ್ತಿಗೆ’ ಎಂದು ಬರೆದು ಮುಂದೆ ಹೋಗುತ್ತಾರೆ. ವಸ್ತುವನ್ನು ವಸ್ತುವಾಗಿ ತಿಳಿಯುವ ಹೆಜ್ಜೆಯನ್ನು ಮೊದಲು ಇಟ್ಟದ್ದು ಇದಕ್ಕೇ.

ಟಾರ್ಪಾಲು ಮತ್ತು ಗುಂಡಿನ ನಡುವೆ ನೋಡಿ. ‘ಆಮೇಲೆ’ ಹಾಕಿದರೆ ಮೊದಲು ಉದಾಸೀನ, ಆಮೇಲೆ ಸಾವು ಎಂದಾಗುತ್ತದೆ. ‘ಆದ್ದರಿಂದ’ ಹಾಕಿದರೆ ಹುಚ್ಚು ಅರ್ಥ ಬರುತ್ತದೆ. ಆದರೆ ಅದೇ ‘ಆದ್ದರಿಂದ’ವನ್ನು ಹಿಂದುಮುಂದು ಮಾಡಿ, ಗುಂಡು ಮೊದಲು ಟಾರ್ಪಾಲು ಆಮೇಲೆ ಎಂದು ಓದಿ: ಸಾವಾಗಿದೆ, ಆದ್ದರಿಂದ ಯಾರೂ ಟಾರ್ಪಾಲು ಬಿಚ್ಚಿಲ್ಲ. ಕೀಲಿ ತಿರುಗಿತು. ಪದ್ಯ ಪರಿಣಾಮವನ್ನು ಮೊದಲು ತೋರಿಸಿ ಕಾರಣವನ್ನು ಖಾಲಿ ಸಾಲಿನ ಆಚೆ ಇಟ್ಟಿದೆ. ಬೆಸುಗೆ ಮುಂದಕ್ಕೆ ಹೊಂದದಿದ್ದರೆ ಹಿಂದಕ್ಕೆ ಹಾಕಿ ನೋಡುವುದನ್ನು ಮರೆಯಬೇಡಿ, ಅರ್ಧಕ್ಕರ್ಧ ಜನ ಇದನ್ನು ಮಾಡುವುದೇ ಇಲ್ಲ.

ನೀರು ಮತ್ತು ದೀಪದ ನಡುವೆ ‘ಆಮೇಲೆ’ ಸೋಲುತ್ತದೆ. ಫೋನು ಹೋದ ಮೇಲೆ ತಾನೇ ಕಾರು ಹೊರಟದ್ದು? ಪದ್ಯದಲ್ಲಿ ಮಾತ್ರ ಕಾರು ಮೊದಲು, ಮೊಬೈಲು ಆಮೇಲೆ. ಅಂದರೆ ಈ ಪದ್ಯದ ಸಾಲುಗಳು ಗಡಿಯಾರದ ಕ್ರಮದಲ್ಲಿಲ್ಲ. ಇಲ್ಲಿ ಕೂರುವುದು ‘ಅದೇ ಹೊತ್ತಿಗೆ’: ಅಲ್ಲಿ ಸೇತುವೆ ದಾಟುತ್ತಿರುವಾಗ ಇಲ್ಲಿ ದೀಪ. ಒಂದು ಕಡೆ ‘ಆಮೇಲೆ’ ಸೋತಿತೆಂದರೆ, ಹಿಂದಿನ ಸಂದುಗಳಲ್ಲಿ ಸುಲಭವಾಗಿ ಬರೆದ ‘ಆಮೇಲೆ’ಗಳನ್ನೂ ಮತ್ತೊಮ್ಮೆ ಅನುಮಾನದಿಂದ ನೋಡಬೇಕು.

ಇನ್ನು ಗುರುತು ಹಾಕಿಟ್ಟ ಸಂದು, ದೀಪ ಮತ್ತು ಮೊಬೈಲು. ವಿರಾಮವೇ ಇಲ್ಲದ್ದರಿಂದ ಇವೆರಡು ಉಳಿದ ತುಣುಕುಗಳಿಗಿಂತ ಹತ್ತಿರ ಕೂತಿವೆ. ‘ಅದೇ ಹೊತ್ತಿಗೆ’ ಹೊಂದುತ್ತದೆ: ಒಂದೇ ಕೋಣೆಯ ಎರಡು ಬೆಳಕು. ‘ಆದರೆ’ ಹೊಂದುತ್ತದೆ: ಹಿರಿಯರ ದೀಪ, ಈ ಕಾಲದ ಯಂತ್ರ. ‘ಹಾಗೆ’ ಕೂಡ ಹೊಂದುತ್ತದೆ: ದೀಪಕ್ಕೆ ಎಣ್ಣೆ ಎರೆಯುವ ಹಾಗೆ ಮೊಬೈಲಿಗೆ ಚಾರ್ಜು. ‘ಆದರೆ’ಯಲ್ಲೇ ನಿಂತವರು ‘ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷ’ ಎಂದು ಪರೀಕ್ಷೆಯ ಉತ್ತರ ಬರೆದು ಮುಗಿಸುತ್ತಾರೆ. ಆ ನುಡಿಗಟ್ಟು ಯಾವ ಪದ್ಯಕ್ಕೂ ಅಂಟುತ್ತದೆ, ಹಾಗಾಗಿ ಯಾವ ಪದ್ಯದ ಬಗ್ಗೆಯೂ ಏನೂ ಹೇಳುವುದಿಲ್ಲ. ಮೊಬೈಲು ಯಾಕೆ ಖಾಲಿಯಾಯಿತು ಎಂದು ಕೇಳಿ. ಕೋವಿಯ ಸದ್ದು ಮುಟ್ಟುವಷ್ಟು ದೂರದ ಊರಿಗೆ ಎರಡು ಗುಂಡು ಸಾಕಾಯಿತು, ಅದರಾಚೆಯವರಿಗೆಲ್ಲ ಫೋನು ಮಾಡಿ ಮಾಡಿ ಬ್ಯಾಟರಿ ಇಳಿಯಿತು. ಕೋವಿ ಮತ್ತು ಮೊಬೈಲು ಜಗಳವಾಡುತ್ತಿಲ್ಲ, ಒಂದೇ ಕೆಲಸ ಹಂಚಿಕೊಂಡಿವೆ.

ಬೆಸುಗೆಗಳನ್ನು ಬರೆದ ಮೇಲೆ ಅವನ್ನೆಲ್ಲ ಸೇರಿಸಿ ಪದ್ಯವನ್ನು ಒಮ್ಮೆ ಗದ್ಯವಾಗಿ ಓದಿ: ‘ಮೋಡ ಬಂದರೂ ಸಾವಾದ್ದರಿಂದ ಯಾರೂ ಟಾರ್ಪಾಲು ಬಿಚ್ಚದೆ…’ ನೀರಸವಾಗಿ ಕೇಳಿಸುತ್ತದೆ, ಕೇಳಿಸಲೇಬೇಕು. ಈಗ ಅಳಿಸಿ. ಬೆಸುಗೆ ಕಟ್ಟಡಕ್ಕೆ ಹಾಕಿದ ಮರದ ಸಾರುವೆಯಂತೆ, ಕೆಲಸ ಮುಗಿದ ಮೇಲೆ ಬಿಚ್ಚಿಬಿಡಬೇಕು.

ದೂರದ ನಂಟುಗಳು

ಪಕ್ಕದ ಸಂದುಗಳು ಮುಗಿದ ಮೇಲೆ ದೂರದ ತುಣುಕುಗಳ ನಡುವೆ ಗೆರೆ ಎಳೆಯಿರಿ. ಮೊದಲು, ಅಕ್ಷರಶಃ ಮರುಕಳಿಸಿದ ಪದಗಳು. ಇಲ್ಲಿ ಮರುಕಳಿಸಿದ ತಾಣ ಒಂದೇ, ‘ಕಣದಲ್ಲಿ’, ಮೊದಲ ಮತ್ತು ಕೊನೆಯ ತುಣುಕಿನಲ್ಲಿ. ಆಮೇಲೆ ಒಂದೇ ಜಾತಿಯವು: ಮೋಡ, ನೀರು, ಮಳೆ. ಮೂರನೆಯದಾಗಿ ಒಂದೇ ಕೆಲಸ ಮಾಡುವವು: ಗುಂಡು, ಪಾರಿವಾಳ, ಕಾರು, ಮೊಬೈಲು. ಇವೆಲ್ಲ ಚಲಿಸುತ್ತವೆ ಅಥವಾ ಸುದ್ದಿ ಹೊರುತ್ತವೆ. ಇವುಗಳ ಎದುರಿಗೆ ಚಲಿಸದವು: ಟಾರ್ಪಾಲು, ಗಂಬೂಟು, ಕೊನೆಗೆ ಕಣದ ಜನ. ಗೆರೆಗಳು ಐದಾರು ಮೀರಿದರೆ ನೀವು ಪದ್ಯಕ್ಕಿಂತ ಹೆಚ್ಚಾಗಿ ನಿಮ್ಮ ಜಾಣತನವನ್ನು ಓದುತ್ತಿದ್ದೀರಿ ಎಂದರ್ಥ, ಸಡಿಲವಾದವನ್ನು ಅಳಿಸಿ.

ಈಗ ಕೊನೆಯ ಎರಡು ಸಾಲಿಗೆ ಬನ್ನಿ. ‘ಕಣದಲ್ಲಿ ಯಾರೂ’ ಎಂದು ಸಾಲು ಮುರಿದಿದೆ. ‘ಯಾರೂ’ ಎಂದ ಕೂಡಲೇ ಕನ್ನಡದ ಕಿವಿ ‘ಇಲ್ಲ’ಕ್ಕೆ ಕಾಯುತ್ತದೆ: ಕಣದಲ್ಲಿ ಯಾರೂ ಇಲ್ಲ, ಖಾಲಿ ಕಣ. ಬಂದದ್ದು ‘ಓಡುವುದಿಲ್ಲ’. ಹಾಗಾದರೆ ಕಣ ಖಾಲಿಯಿಲ್ಲ! ಸಾವಿನ ಮನೆಗೆ ಬಂದವರು ಅಂಗಳದಲ್ಲಿ, ಕಣದಲ್ಲಿ ನಿಂತಿದ್ದಾರೆ, ಮಳೆ ಬೀಳುತ್ತಿದೆ, ಚೆರ್ರಿ ನೆನೆಯುತ್ತಿದೆ, ಓಡಬೇಕೆಂದು ಎಲ್ಲರಿಗೂ ಗೊತ್ತು. ಯಾರೂ ಓಡುವುದಿಲ್ಲ. ‘ಓಡಲಿಲ್ಲ’ ಎಂದಿದ್ದರೆ ಅದು ಮುಗಿದ ವರದಿಯಾಗುತ್ತಿತ್ತು. ‘ಓಡುವುದಿಲ್ಲ’ ಎಂಬುದರಲ್ಲಿ ನಿಂತೇ ಇರುವುದೂ ಇದೆ, ಇವತ್ತು ಓಡಲಾರೆವು ಎಂಬುದೂ ಇದೆ. ಹದಿಮೂರು ತುಣುಕಿನಲ್ಲಿ ಗೊಂದಲವಿಲ್ಲದ ಪೂರ್ಣ ಕ್ರಿಯಾಪದ ಇದೊಂದೇ, ಅದೂ ನಡೆಯದ ಕ್ರಿಯೆ. ‘ದುಃಖ’ ಎಂಬ ಪದ ಪದ್ಯದಲ್ಲಿಲ್ಲದಿರುವುದು ಈಗ ಕೊರತೆಯಾಗಿ ಕಾಣುವುದಿಲ್ಲ.

ಎಲ್ಲಿ ಕೆಡುತ್ತದೆ

ಹೆಚ್ಚು ಕಾಣುವ ತಪ್ಪು ಸಂಕೇತಗಳ ಪಟ್ಟಿ: ಮಳೆ ಎಂದರೆ ಕಣ್ಣೀರು, ಪಾರಿವಾಳ ಎಂದರೆ ಶಾಂತಿ, ಸೇತುವೆ ಎಂದರೆ ಇಹಪರದ ನಡುವಿನ ದಾರಿ. ಸೇತುವೆಯದು ಸ್ವಲ್ಪ ನಿಲ್ಲಬಹುದು, ಕೆಳಗೆ ಕಾವೇರಿ ಇರುವುದರಿಂದ. ಪಾರಿವಾಳದ ಶಾಂತಿ ಮಾತ್ರ ಹೊರಗಿನಿಂದ ತಂದು ಅಂಟಿಸಿದ್ದು. ಗುಂಡಿನ ಸದ್ದಿಗೆ ಬೆದರಿ ಮರ ಬದಲಿಸಿದ ಹಕ್ಕಿಗೆ ಶಾಂತಿಯ ಕೆಲಸ ಒಪ್ಪಿಸುವುದು ಅನ್ಯಾಯ. ಗುರುತಿಸುವ ದಾರಿ ಸುಲಭ: ನಿಮ್ಮ ವಿವರಣೆ ಆ ವಸ್ತು ಬರುವ ಬೇರೆ ಯಾವ ಪದ್ಯಕ್ಕಾದರೂ ಹಾಗೇ ಹೊಂದಿದರೆ ಅದು ಈ ಪದ್ಯದಿಂದ ಬಂದದ್ದಲ್ಲ.

ಇನ್ನೊಂದು, ಊರಿನ ದೊಡ್ಡ ನೆನಪನ್ನು ಪದ್ಯದ ಮೇಲೆ ಹೇರುವುದು. ಕೊಡಗು, ಮಳೆ, ಸಾವು ಎಂದ ಕೂಡಲೇ 2018ರ ಆಗಸ್ಟಿನ ಭೂಕುಸಿತ ನೆನಪಾಗುವುದು ಸಹಜ. ಆದರೆ ಆಗಸ್ಟಿನಲ್ಲಿ ಕಣದಲ್ಲಿ ಚೆರ್ರಿ ಒಣಗುವುದಿಲ್ಲ, ಜಡಿಮಳೆಯ ತಿಂಗಳದು. ಒಂದೇ ವಸ್ತು ಇಡೀ ಊಹೆಯನ್ನು ಕೆಡವಿತು. ಹೊರಗಿನ ಘಟನೆಯನ್ನು ತರುವಾಗಲೆಲ್ಲ ಪದ್ಯದ ವಸ್ತುಗಳಲ್ಲಿ ಒಂದಾದರೂ ಅದನ್ನು ತಡೆಯುತ್ತದೆಯೇ ಎಂದು ನೋಡಿ.

ಮೂರನೆಯದು ಪತ್ತೇದಾರಿಕೆ. ಗಂಬೂಟು ಒಂದೇ ಯಾಕೆ? ಇನ್ನೊಂದು ಎಲ್ಲಿ? ಆನೆ ದಾಳಿಯೇ, ಮರದಿಂದ ಬಿದ್ದದ್ದೇ, ಆಸ್ಪತ್ರೆಗೆ ಒಯ್ಯುವಾಗ ಉದುರಿತೇ? ಐದು ಬೆಸುಗೆಗಳಲ್ಲಿ ಒಂದೂ ಇಲ್ಲಿ ಕೂರುವುದಿಲ್ಲ, ಸೊನ್ನೆ. ಉಳಿದ ಹನ್ನೆರಡು ತುಣುಕುಗಳಲ್ಲಿ ಯಾವುದೂ ಇದಕ್ಕೆ ಸಾಕ್ಷಿ ಹೇಳುವುದಿಲ್ಲ. ಸಾಕ್ಷಿ ಇಲ್ಲದ ಕಡೆ ಕಥೆ ಕಟ್ಟಿದರೆ ಪದ್ಯ ಬಿಟ್ಟು ನಿಮ್ಮ ಕಥೆ ಓದಿದಂತಾಗುತ್ತದೆ. ಜೋಡಿಯಾಗಿಯೇ ಇರಬೇಕಾದ ವಸ್ತು ಒಂಟಿಯಾಗಿದೆ, ‘ಎರಡು ಗುಂಡು’ ಆದ ಮೇಲೆ ‘ಒಂದೇ ಗಂಬೂಟು’ ಬಂದಿದೆ ಎಂಬಲ್ಲಿಗೆ ನಿಲ್ಲಿ.

ಪದ್ಯವೇ ಸೋತಿದ್ದರೆ

ಚೂರು ಚೂರಾಗಿ ಬರೆದದ್ದೆಲ್ಲ ಈ ಪರೀಕ್ಷೆಗೆ ನಿಲ್ಲುವುದಿಲ್ಲ, ಓದುಗರು ಸುಮ್ಮನೆ ತಮ್ಮನ್ನು ಹಳಿದುಕೊಳ್ಳಬೇಕಿಲ್ಲ. ಹೀಗೊಂದು ಪದ್ಯ ನೋಡಿ: ‘ಮಂಜು. ಕಾಫಿ ಹೂ. ಗೋಡೆಯ ಕೋವಿ. ಕಾವೇರಿ. ಅಜ್ಜಿಯ ಸೀರೆ.’ ಪ್ರವಾಸೋದ್ಯಮದ ಕ್ಯಾಲೆಂಡರಿನಲ್ಲಿ ಹಾಕಬಹುದು. ತುಣುಕುಗಳನ್ನು ಐದು ಚೀಟಿಗಳಲ್ಲಿ ಬರೆದು ಕಲಸಿ, ಬೇರೆ ಕ್ರಮದಲ್ಲಿ ಜೋಡಿಸಿ. ಏನೂ ಬದಲಾಗಲಿಲ್ಲ. ಒಂದನ್ನು ತೆಗೆದುಬಿಡಿ, ಆಗಲೂ ಇಲ್ಲ. ಸಂದುಗಳಿಗೆ ಬೆಸುಗೆ ಹಾಕಲು ಹೋದರೆ ಎಲ್ಲ ಕಡೆ ‘ಮತ್ತು’ ಬಿಟ್ಟು ಬೇರೇನೂ ಸಿಗುವುದಿಲ್ಲ. ಇದು ಸಾಮಾನಿನ ಪಟ್ಟಿ.

ಇದೇ ಪರೀಕ್ಷೆಯನ್ನು ನಮ್ಮ ಪದ್ಯಕ್ಕೂ ಮಾಡಿ. ಎರಡು ಗುಂಡನ್ನು ಮೊದಲ ಸಾಲಿಗೆ ತಂದರೆ ಟಾರ್ಪಾಲಿನ ಕಳವಳ ಹುಟ್ಟುವುದೇ ಇಲ್ಲ, ಕಾರಣ ಮೊದಲೇ ಗೊತ್ತಾಗಿರುತ್ತದೆ. ಟಾರ್ಪಾಲನ್ನು ತೆಗೆದರೆ ಕೊನೆಯ ‘ಓಡುವುದಿಲ್ಲ’ ಯಾತಕ್ಕೆ ಎಂದೇ ತಿಳಿಯುವುದಿಲ್ಲ. ಪಾರಿವಾಳವನ್ನು ತೆಗೆದರೆ? ಪದ್ಯ ನಿಲ್ಲುತ್ತದೆ, ಸ್ವಲ್ಪ ಬಡವಾಗುತ್ತದೆ ಅಷ್ಟೇ. ಅದು ಇಲ್ಲಿನ ಅತ್ಯಂತ ದುರ್ಬಲ ತುಣುಕು, ಕಟ್ಟಿದವರು ನಾವೇ ಆದರೂ ಒಪ್ಪಿಕೊಳ್ಳಬೇಕು.

ಎರಡನೇ ದಿನ

ಗೀಚಿದ ಪ್ರತಿಯನ್ನು ಪಕ್ಕಕ್ಕಿಟ್ಟು ನೆನಪಿನಿಂದ ನಾಲ್ಕು ವಾಕ್ಯ ಬರೆಯಿರಿ. ಪ್ರತಿ ವಾಕ್ಯದ ಕೊನೆಗೆ ಅದಕ್ಕೆ ಆಧಾರವಾದ ತುಣುಕಿನ ಸಂಖ್ಯೆ ಹಾಕಿ. ಹೀಗೆ: ತೋಟದ ಮನೆಯಲ್ಲಿ ಒಂದು ಸಾವಾಗಿದೆ (4, 9). ಸುದ್ದಿ ಕೋವಿಯಿಂದ ಊರಿಗೂ ಫೋನಿನಿಂದ ದೂರಕ್ಕೂ ಹೋಗಿದೆ, ಒಬ್ಬ ಬೆಂಗಳೂರಿನಿಂದ ಬರುತ್ತಿದ್ದಾನೆ (4, 6, 7, 10). ಒಣಗಲು ಹಾಕಿದ ಫಸಲು ಮಳೆಗೆ ಸಿಕ್ಕಿದೆ (1, 2, 3, 12). ನೆರೆದವರು ಅದನ್ನು ನೋಡುತ್ತಿದ್ದರೂ ಉಳಿಸಲು ಹೋಗುವುದಿಲ್ಲ (13). ಸಂಖ್ಯೆ ಹಾಕಲಾಗದ ವಾಕ್ಯವಿದ್ದರೆ ಅದು ನಿಮ್ಮ ಊಹೆ, ಎದುರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ‘ಬರುತ್ತಿರುವವನು ಮಗ’ ಎಂದು ಎಲ್ಲರೂ ಬರೆಯುತ್ತಾರೆ. ಪದ್ಯದಲ್ಲಿ ಮಗ ಇಲ್ಲ, ‘ಹೊರಟ’ ಮಾತ್ರ ಇದೆ. ತೀರಿಕೊಂಡವರು ಗಂಡಸೋ ಹೆಂಗಸೋ ಎಂಬುದೂ ಇಲ್ಲ. ಗಂಬೂಟನ್ನು ಇಬ್ಬರೂ ಹಾಕುತ್ತಾರೆ.

ವಾಕ್ಯಗಳಲ್ಲಿ ಎಲ್ಲೂ ಬಾರದ ಸಂಖ್ಯೆಗಳನ್ನೂ ನೋಡಿ: 5, 8, 11. ಪಾರಿವಾಳ, ನೀರು, ಗಂಬೂಟು. ಗದ್ಯಕ್ಕೆ ಸಿಗದೆ ಉಳಿದವು ಇವು. ಗೀಚದ ಪ್ರತಿಯನ್ನು ಈಗ ಕೈಗೆತ್ತಿಕೊಂಡು ಇನ್ನೊಮ್ಮೆ ಗಟ್ಟಿಯಾಗಿ ಓದುವಾಗ ಈ ಮೂರು ಕಡೆ ಮೊದಲಿಗಿಂತ ತುಸು ಹೆಚ್ಚು ಹೊತ್ತು ನಿಲ್ಲಿ, ‘ಯಾರೂ’ ಆದ ಮೇಲಿನ ಅರ್ಧ ಉಸಿರನ್ನು ಪೂರ್ತಿ ಉಸಿರು ಮಾಡಿ.